ಹದಿನೇಳರ ಸಹಿಗೆ ಎಷ್ಟು ಬೆಲೆ?

ದ್ವಿತೀಯ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್ ಅಂಗಡಿಯಲ್ಲಿ 24,000 ರೂಪಾಯಿಯ ಫೋನನ್ನು ಕಂತಿನ ಮೇಲೆ ಕೊಳ್ಳುತ್ತಾನೆ ಎಂದುಕೊಳ್ಳೋಣ. ಮುಂಗಡ 4,000, ಉಳಿದದ್ದು ತಿಂಗಳಿಗೆ 2,000ದಂತೆ ಹತ್ತು ಕಂತು. ವಯಸ್ಸು ಹದಿನೆಂಟು ಎಂದು ಬರೆದು ಸಹಿ ಹಾಕುತ್ತಾನೆ. ನಿಜವಾಗಿ ಇನ್ನೂ ಹದಿನೇಳು. ಮೂರು ಕಂತು ಕಟ್ಟಿ ಕೈಬಿಡುತ್ತಾನೆ. ಬಾಕಿ 14,000ಕ್ಕೆ ಸಾಲ ಕೊಟ್ಟವರು ಕೋರ್ಟಿಗೆ ಹೋದರೆ ಏನಾಗುತ್ತದೆ?

ಕರಾರಿನ ಮೇಲೆ ಹುಡುಗನಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಪ್ರಾಪ್ತ ವಯಸ್ಸಿಗೆ ಬಂದವರಿಗಷ್ಟೇ ಕರಾರು ಮಾಡುವ ಅರ್ಹತೆ. ಆದರೆ ಅಪ್ರಾಪ್ತರ ಕರಾರು ಬೇಡವೆಂದಾಗ ರದ್ದಾಗುವಂಥದ್ದೋ, ಹುಟ್ಟುವಾಗಲೇ ಸತ್ತದ್ದೋ ಎಂಬುದನ್ನು ಕಾಯ್ದೆ ಬಿಡಿಸಿ ಹೇಳಿರಲಿಲ್ಲ. ಅದು ತೀರ್ಮಾನವಾದದ್ದು ಕಲ್ಕತ್ತಾದ ಒಂದು ಮೊಕದ್ದಮೆಯಲ್ಲಿ. 1895ರಲ್ಲಿ ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ತನ್ನ ಮನೆಯನ್ನು ಲೇವಾದೇವಿಗಾರ ಬ್ರಹ್ಮೋ ದತ್‌ಗೆ 20,000 ರೂಪಾಯಿಗೆ ಅಡಮಾನ ಬರೆದುಕೊಟ್ಟ. ಹುಡುಗನಿಗೆ ವಯಸ್ಸಾಗಿಲ್ಲ ಎಂದು ಅವನ ತಾಯಿಯ ಕಡೆಯ ವಕೀಲರು ಮೊದಲೇ ಪತ್ರ ಬರೆದು ಎಚ್ಚರಿಸಿದ್ದರೂ ದತ್‌ನ ಪರವಾಗಿ ವ್ಯವಹಾರ ನೋಡುತ್ತಿದ್ದವರು ಪತ್ರ ಬರೆಸಿಕೊಂಡರು. ಕೊನೆಗೆ 1903ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಪ್ರಾಪ್ತರು ಮಾಡಿದ ಕರಾರು ಮೂಲದಲ್ಲೇ ಅನೂರ್ಜಿತ ಎಂದಿತು. ಕೊಟ್ಟ ಹಣವನ್ನೂ ವಾಪಸು ಕೊಡಿಸಲಿಲ್ಲ. ಗೊತ್ತಿದ್ದೂ ಕೊಟ್ಟವರಿಗೆ ಕನಿಕರವೇಕೆ ಎಂಬುದೇ ಅದರ ತಾತ್ಪರ್ಯ.

ಹಾಗಾದರೆ ನಮ್ಮ ಹುಡುಗ ಸುಳ್ಳು ಹೇಳಿ ಫೋನನ್ನು ದಕ್ಕಿಸಿಕೊಂಡನೇ? ಪೂರ್ತಿ ಇಲ್ಲ. ಸುಳ್ಳು ಹೇಳಿದ ಮಾತ್ರಕ್ಕೆ ಅವನು ಪ್ರಾಪ್ತನಾಗುವುದಿಲ್ಲ, ಆ ಸಹಿ ಅವನನ್ನು ಕಟ್ಟಿಹಾಕುವುದೂ ಇಲ್ಲ. ಆದರೆ ಅಪ್ರಾಪ್ತನೆಂಬ ಕಾರಣಕ್ಕೆ ಅವನು ದಾವೆಯಿಂದ ಪಾರಾಗುವಾಗ, ಪಡೆದ ಲಾಭವನ್ನು ಅವನಿಗೆ ಎಷ್ಟು ದಕ್ಕಿದೆಯೋ ಅಷ್ಟರಮಟ್ಟಿಗೆ ಹಿಂದಿರುಗಿಸು ಎನ್ನುವ ಅಧಿಕಾರ ನ್ಯಾಯಾಲಯಕ್ಕಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಮು ಅದನ್ನು ಕೊಡುತ್ತದೆ. ಫೋನು ಇನ್ನೂ ಅವನ ಜೇಬಿನಲ್ಲಿದ್ದರೆ ಅದನ್ನು ಮರಳಿ ಕೊಡಬೇಕಾಗಬಹುದು. ಆಧಾರ್ ಪ್ರತಿಯನ್ನೇ ತಿದ್ದಿದ್ದರೆ ಅದು ಬೇರೆಯದೇ ತಾಪತ್ರಯ, ಬಾಲನ್ಯಾಯ ಮಂಡಳಿಯ ಮೆಟ್ಟಿಲು ಹತ್ತಿಸುವಂಥದ್ದು.

ನಿಜಕ್ಕೂ ಸಿಕ್ಕಿಬೀಳುವವರು ಮಾವ. ಅದೇ ಕಾಗದದ ಮೇಲೆ ಸಹ-ಸಾಲಗಾರ ಎಂದು ಅವರೂ ಸಹಿ ಹಾಕಿದ್ದರೆ ಪೂರ್ತಿ ಬಾಕಿ ಅವರ ತಲೆಗೇ ಬರುತ್ತದೆ. ಹುಡುಗನ ಸಹಿ ಬಿದ್ದುಹೋದರೂ ದೊಡ್ಡವರ ಸಹಿ ನಿಲ್ಲುತ್ತದೆ. ಸಾಲ ಕೊಡುವವರು ಮನೆಯ ಹಿರಿಯರನ್ನು ಕರೆತಾ ಎನ್ನುವುದು ಇದಕ್ಕೇ.

ಹದಿನೆಂಟು ತುಂಬಿದ ಮೇಲೆ ಅದೇ ಹಳೆಯ ಬಾಕಿಗೆ ಹೊಸ ಪತ್ರ ಬರೆಸಿಕೊಂಡರೂ ಪ್ರಯೋಜನವಿಲ್ಲ. ಸತ್ತ ಕರಾರನ್ನು ಒಪ್ಪಿಗೆಯಿಂದ ಬದುಕಿಸಲಾಗದು ಎಂದು 1928ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದೆ. ಪ್ರಾಪ್ತನಾದ ಮೇಲೆ ಹೊಸದಾಗಿ ಹಣ ಪಡೆದು ಬರೆದುಕೊಟ್ಟರೆ ಮಾತು ಬೇರೆ.

ಇಷ್ಟು ಕೇಳಿದರೆ ಹದಿನೇಳರವರು ಏನನ್ನೂ ಮಾಡುವಂತಿಲ್ಲ ಅನ್ನಿಸಬಹುದು. ಕಾನೂನು ತಡೆಯುವುದು ಹೊಣೆ ಹೊರುವುದನ್ನು, ಪಡೆಯುವುದನ್ನಲ್ಲ. ಹಣ ಪೂರ್ತಿ ಸಂದಾಯವಾಗಿ ಅವರ ಹೆಸರಿಗೆ ಕ್ರಯಪತ್ರವಾದರೆ ಜಮೀನು ಅವರದೇ. ದಾನವಾಗಿ ಬಂದದ್ದೂ ಹಾಗೆಯೇ. ಅಪ್ರಾಪ್ತರ ಹಣವನ್ನು ಯಾರೋ ಸಾಲವಾಗಿ ಪಡೆದು ಅವರಿಗೆ ಅಡಮಾನ ಬರೆದುಕೊಟ್ಟಿದ್ದರೆ ಆ ಅಡಮಾನದ ಮೇಲೆ ವಸೂಲು ಮಾಡಬಹುದು. ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 1916ರಲ್ಲೇ ಇದನ್ನು ಒಪ್ಪಿದೆ. ಇನ್ನು ಊಟ, ವಸತಿ, ಓದಿನಂಥ ಅಗತ್ಯಗಳನ್ನು ಒದಗಿಸಿದವರಿಗೆ 68ನೇ ಕಲಮಿನಡಿ ಹಣ ಸಿಗಬೇಕು, ಆದರೆ ಹುಡುಗನ ಆಸ್ತಿಯಿಂದ ಮಾತ್ರ. ಆಸ್ತಿಯೇ ಇಲ್ಲದಿದ್ದರೆ ಹಾಸ್ಟೆಲ್‌ನವರು ಅವನ ಮೇಲೆ ಏನೂ ಮಾಡುವಂತಿಲ್ಲ. ಅಗತ್ಯ ಎಂದರೇನು ಎಂಬುದು ಅವನ ಬದುಕಿನ ಮಟ್ಟವನ್ನು ನೋಡಿ ತೀರ್ಮಾನವಾಗುತ್ತದೆ.

ಒಂದೇ ಒಂದು ಕಡೆ ಸುಮ್ಮನಿದ್ದರೂ ಸಿಕ್ಕಿಬೀಳುತ್ತೀರಿ: ಪಾಲುದಾರಿಕೆ. ಎಲ್ಲ ಪಾಲುದಾರರ ಒಪ್ಪಿಗೆಯಿದ್ದರೆ ಅಪ್ರಾಪ್ತರನ್ನು ಅಂಗಡಿಯ ಲಾಭಕ್ಕೆ ಸೇರಿಸಿಕೊಳ್ಳಬಹುದು. ನಷ್ಟಕ್ಕೆ ಅವರ ಪಾಲಿನ ಹಣವಷ್ಟೇ ಗುರಿ. ಆದರೆ ಪ್ರಾಪ್ತರಾದ ಮೇಲೆ, ಅಥವಾ ತನಗೆ ಇಂಥ ಪಾಲಿದೆ ಎಂದು ಅದಕ್ಕೂ ತಡವಾಗಿ ಗೊತ್ತಾದರೆ ಗೊತ್ತಾದ ದಿನದಿಂದ, ಆರು ತಿಂಗಳೊಳಗೆ ಪಾಲುದಾರನಾಗುವುದಿಲ್ಲ ಎಂದು ಸಾರ್ವಜನಿಕ ನೋಟಿಸ್ ಕೊಡಬೇಕು. ಕೊಡದಿದ್ದರೆ ಪಾಲುದಾರನೆಂದೇ ಲೆಕ್ಕ, ಮೊದಲು ಸೇರಿದ ದಿನದಿಂದಾದ ಸಾಲಗಳಿಗೂ ಸ್ವಂತ ಹೊಣೆ. ಅಪ್ಪನ ಅಂಗಡಿಯ ಪತ್ರದಲ್ಲಿ ಹೆಸರಿರುವ ಹುಡುಗ ಹುಡುಗಿಯರು ಹದಿನೆಂಟರ ಹುಟ್ಟುಹಬ್ಬ ಮುಗಿಸಿದವರೇ ಆ ಪತ್ರವನ್ನು ತೆಗೆದು ಓದಿಕೊಳ್ಳುವುದು ಒಳ್ಳೆಯದು.