ಗಣಿತದ ಲೆಕ್ಕಕ್ಕೆ ಉತ್ತರದ ಬದಲು ಸುಳಿವು: ಚಾಟ್‌ಬಾಟ್‌ಗೆ ನಿರ್ದೇಶನ ಬರೆಯುವ ಕ್ರಮ

(ಪ್ರೌಢಶಾಲಾ ಗಣಿತ ಶಿಕ್ಷಕರು ಹಾಗೂ ಪೋಷಕರ ಮಾಹಿತಿಗಾಗಿ)

ಗಣಿತದ ಲೆಕ್ಕವೊಂದನ್ನು ಚಾಟ್‌ಬಾಟ್‌ನಲ್ಲಿ ನಮೂದಿಸಿದೊಡನೆ ಅದು ಸಾಮಾನ್ಯವಾಗಿ ಮೊದಲ ಸಾಲಿನಿಂದ ಕೊನೆಯ ಉತ್ತರದವರೆಗೆ ಸಂಪೂರ್ಣ ಪರಿಹಾರವನ್ನು ಒದಗಿಸುತ್ತದೆ. ವಿದ್ಯಾರ್ಥಿಯು ಅದನ್ನು ನೋಟ್‌ಪುಸ್ತಕಕ್ಕೆ ನಕಲು ಮಾಡುವನೇ ಹೊರತು ಲೆಕ್ಕವನ್ನು ತಾನೇ ಬಿಡಿಸಿದಂತಾಗುವುದಿಲ್ಲ. ಸಂಭಾಷಣೆಯ ಆರಂಭದಲ್ಲಿಯೇ ಸೂಕ್ತ ನಿರ್ದೇಶನವನ್ನು ಬರೆದುಕೊಟ್ಟಲ್ಲಿ ಅದೇ ಚಾಟ್‌ಬಾಟ್ ಹಂತ ಹಂತವಾಗಿ ಸುಳಿವು ನೀಡುವಂತೆ ಮಾಡಬಹುದಾಗಿದೆ. ಈ ನಿರ್ದೇಶನವನ್ನೇ ಬಳಕೆಯಲ್ಲಿ ಪ್ರಾಂಪ್ಟ್ ಎನ್ನುತ್ತಾರೆ.

ಟರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ 2023ರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಮೇಲೆ ಈ ಕುರಿತು ಪ್ರಯೋಗ ನಡೆದಿದೆ. ಸಾಮಾನ್ಯ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಮುಂದಿದ್ದರು. ಆದರೆ ನಂತರ ಯಾವುದೇ ಸಹಾಯವಿಲ್ಲದೆ ನಡೆದ ಪರೀಕ್ಷೆಯಲ್ಲಿ ಅವರ ಸಾಧನೆಯು, ಚಾಟ್‌ಬಾಟ್ ಇಲ್ಲದೆ ಅಭ್ಯಾಸ ಮಾಡಿದವರಿಗಿಂತ ಶೇ. 17ರಷ್ಟು ಕಡಿಮೆಯಾಯಿತು. ಸುಳಿವು ಮಾತ್ರ ನೀಡುವಂತೆ ನಿರ್ದೇಶಿಸಲಾದ ಚಾಟ್‌ಬಾಟ್ ಬಳಸಿದವರಲ್ಲಿ ಈ ಹಿನ್ನಡೆ ಬಹುಮಟ್ಟಿಗೆ ಕಂಡುಬರಲಿಲ್ಲ. ಗಮನಿಸಬೇಕಾದ ಅಂಶವೇನೆಂದರೆ, ಆ ನಿರ್ದೇಶನದಲ್ಲಿ 'ಉತ್ತರ ಹೇಳಬೇಡ' ಎಂಬ ಮಾತಷ್ಟೇ ಇರಲಿಲ್ಲ. ಪ್ರತಿ ಲೆಕ್ಕದ ಸರಿಯಾದ ಉತ್ತರವನ್ನೂ, ಮಕ್ಕಳು ಎಸಗುವ ಸಾಮಾನ್ಯ ತಪ್ಪುಗಳನ್ನೂ ಶಿಕ್ಷಕರ ನೆರವಿನಿಂದ ಸೇರಿಸಲಾಗಿತ್ತು. ಚಾಟ್‌ಬಾಟ್ ತಾನೇ ಲೆಕ್ಕ ತಪ್ಪಿದರೆ ಅದರ ಸುಳಿವೂ ತಪ್ಪು ದಾರಿಗೇ ಕೊಂಡೊಯ್ಯುವುದರಿಂದ ಇದು ಅವಶ್ಯವಾಗಿರುತ್ತದೆ.

ಹತ್ತನೆಯ ತರಗತಿಯ ವರ್ಗ ಸಮೀಕರಣದ ಒಂದು ಲೆಕ್ಕವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಬಸ್ಸೊಂದು 300 ಕಿ.ಮೀ. ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುತ್ತದೆ. ಜವವು ಗಂಟೆಗೆ 10 ಕಿ.ಮೀ. ಹೆಚ್ಚಾಗಿದ್ದರೆ ಪ್ರಯಾಣಕ್ಕೆ 1 ಗಂಟೆ ಕಡಿಮೆ ಸಾಕಾಗುತ್ತಿತ್ತು, ಬಸ್ಸಿನ ಜವವೆಷ್ಟು? ಜವವನ್ನು x ಎಂದಿಟ್ಟುಕೊಂಡರೆ 300/x − 300/(x+10) = 1 ಆಗಿ, x² + 10x − 3000 = 0 ಎಂಬ ಸಮೀಕರಣ ದೊರೆಯುತ್ತದೆ. ಇದರ ಮೂಲಗಳು 50 ಮತ್ತು −60. ಜವವು ಋಣ ಸಂಖ್ಯೆಯಾಗಲಾರದಾದ್ದರಿಂದ ಉತ್ತರ ಗಂಟೆಗೆ 50 ಕಿ.ಮೀ. ಮೊದಲು 6 ಗಂಟೆ, ಜವ ಹೆಚ್ಚಿದಾಗ 5 ಗಂಟೆ, ತಾಳೆಯಾಗುತ್ತದೆ.

ಈ ಲೆಕ್ಕದಲ್ಲಿ ಮಕ್ಕಳು ಎಡವುವುದು ಬಹುತೇಕ ಅಪವರ್ತಿಸುವಲ್ಲಿ ಅಲ್ಲ, ಮಾತನ್ನು ಸಮೀಕರಣಕ್ಕೆ ಇಳಿಸುವಲ್ಲಿ. ಆದುದರಿಂದ ಸುಳಿವುಗಳು ಅಲ್ಲಿಯೇ ದಟ್ಟವಾಗಿರಬೇಕು. ಮೊದಲನೆಯ ಸುಳಿವು ಬರಿಯ ಪ್ರಶ್ನೆಯಾಗಿರತಕ್ಕದ್ದು: ಏನನ್ನು ಕಂಡುಹಿಡಿಯಬೇಕಾಗಿದೆ, ಯಾವುದನ್ನು x ಎಂದು ಕರೆಯುವಿರಿ? ಎರಡನೆಯದು ದೂರ, ಜವ ಮತ್ತು ಕಾಲಗಳ ಸಂಬಂಧವನ್ನು ನೆನಪಿಸಿ, ಎರಡೂ ಪ್ರಯಾಣಗಳ ಕಾಲವನ್ನು x ಮೂಲಕ ಬರೆಯಲು ಕೇಳುತ್ತದೆ. ಮೂರನೆಯದು, ಆ ಎರಡು ಕಾಲಗಳಲ್ಲಿ ಯಾವುದು ದೊಡ್ಡದು, ಎಷ್ಟು ದೊಡ್ಡದು ಎಂದು ಕೇಳುತ್ತದೆ. ಇಷ್ಟಾದರೂ ತಿಳಿಯದಿದ್ದಲ್ಲಿ ನಾಲ್ಕನೆಯದಾಗಿ ಬೇರೆ ಅಂಕಿಗಳುಳ್ಳ ಅದೇ ಬಗೆಯ ಲೆಕ್ಕವನ್ನು (ದೂರ 240 ಕಿ.ಮೀ., ಜವದ ಹೆಚ್ಚಳ 20 ಕಿ.ಮೀ., ಉಳಿತಾಯ 1 ಗಂಟೆ) ಸಮೀಕರಣದವರೆಗೆ ಮಾತ್ರ ಮಾಡಿ ತೋರಿಸುವುದು. ಮೂಲ ಲೆಕ್ಕವು ಕೊನೆಯವರೆಗೂ ವಿದ್ಯಾರ್ಥಿಯ ಕೈಯಲ್ಲಿಯೇ ಉಳಿಯುತ್ತದೆ.

ಸುಳಿವುಗಳನ್ನು ಹಂತಗಳಾಗಿ ವಿಂಗಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಚಾಟ್‌ಬಾಟ್‌ಗಳಿಗೂ ಬಹಳ ಹಿಂದೆಯೇ ಬಂದ ಗಣಕಯಂತ್ರಾಧಾರಿತ ಬೋಧನಾ ತಂತ್ರಾಂಶಗಳಲ್ಲಿ, ವಿದ್ಯಾರ್ಥಿಗಳು ಸುಳಿವಿನ ಗುಂಡಿಯನ್ನು ಬಿಡುವಿಲ್ಲದೆ ಒತ್ತಿ, ಏನನ್ನೂ ಓದದೆ, ಕೊನೆಯ ಸುಳಿವಿನಲ್ಲಿದ್ದ ಉತ್ತರವನ್ನು ಪಡೆಯುತ್ತಿದ್ದುದು ಸಂಶೋಧಕರ ಗಮನಕ್ಕೆ ಬಂದಿತ್ತು. ಚಾಟ್‌ಬಾಟ್‌ನಲ್ಲಿ 'ಗೊತ್ತಿಲ್ಲ, ಮುಂದಿನದು' ಎಂದು ನಾಲ್ಕು ಬಾರಿ ಬರೆಯುವುದು ಇನ್ನೂ ಸುಲಭ. ಆದಕಾರಣ ಮುಂದಿನ ಸುಳಿವನ್ನು ಪಡೆಯಲು ವಿದ್ಯಾರ್ಥಿಯು ಏನಾದರೊಂದು ಸಾಲನ್ನು ಬರೆದು ತೋರಿಸತಕ್ಕದ್ದೆಂಬ ಷರತ್ತನ್ನು ನಿರ್ದೇಶನದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಸಾಲು ತಪ್ಪಾಗಿದ್ದರೂ ಅಡ್ಡಿಯಿಲ್ಲ. ನಿರ್ದೇಶನದ ಮಾದರಿಯು ಕೆಳಕಂಡಂತಿರುತ್ತದೆ.

```
ನೀವು ಹತ್ತನೆಯ ತರಗತಿಯ ಗಣಿತ ಬೋಧಕರು.
ಲೆಕ್ಕ, ಸರಿಯಾದ ಪರಿಹಾರ, ಸುಳಿವು 1-4 ಮತ್ತು
ಸಾಮಾನ್ಯ ತಪ್ಪುಗಳು ಕೆಳಗಿವೆ.
1. ಒಂದು ಬಾರಿಗೆ ಒಂದೇ ಸುಳಿವು ಅಥವಾ ಒಂದೇ ಪ್ರಶ್ನೆ.
2. ವಿದ್ಯಾರ್ಥಿ ತನ್ನ ಒಂದು ಸಾಲನ್ನಾದರೂ ಬರೆದ
   ನಂತರವೇ ಮುಂದಿನ ಸುಳಿವು.
3. ವಿದ್ಯಾರ್ಥಿಯ ಸಾಲನ್ನು ಪರಿಹಾರದೊಡನೆ ಹೋಲಿಸಿದ
   ನಂತರವೇ ಸರಿ ಅಥವಾ ತಪ್ಪು ಎನ್ನಿ.
4. ಸಮೀಕರಣವನ್ನಾಗಲಿ ಅಂತಿಮ ಉತ್ತರವನ್ನಾಗಲಿ
   ನೀವು ಬರೆಯಬೇಡಿ; ಯಾರು ಕೇಳಿದರೂ ಸರಿಯೆ.
5. ಉತ್ತರ ಬಂದ ಮೇಲೆ ತಾಳೆ ನೋಡಲು ಹೇಳಿ.
```

ಮೂರನೆಯ ನಿಯಮವು ಅನಗತ್ಯವೆಂದು ತೋರಬಹುದು. ಆದರೆ ಚಾಟ್‌ಬಾಟ್‌ಗಳಿಗೆ ಬಳಕೆದಾರರ ಮಾತಿಗೆ ತಲೆದೂಗುವ ಸ್ವಭಾವವಿದ್ದು, ತಪ್ಪು ಸಾಲನ್ನೂ ಚೆನ್ನಾಗಿದೆಯೆಂದು ಹೊಗಳಿ ಮುಂದೆ ಸಾಗುವುದುಂಟು. ಈ ಲೆಕ್ಕದಲ್ಲಿ ಅತಿ ಸಾಮಾನ್ಯ ತಪ್ಪೆಂದರೆ ಕಾಲಗಳನ್ನು ಹಿಂದುಮುಂದಾಗಿ ಕಳೆಯುವುದು, ಅಂದರೆ 300/(x+10) − 300/x = 1 ಎಂದು ಬರೆಯುವುದು. ಆಗ x² + 10x + 3000 = 0 ಆಗುತ್ತದೆ; ಶೋಧಕವು 100 − 12000, ಅಂದರೆ ಋಣ ಸಂಖ್ಯೆಯಾಗಿ, ವಾಸ್ತವ ಮೂಲಗಳೇ ಇರುವುದಿಲ್ಲ. ಇಂತಹ ವೇಳೆ ಚಿಹ್ನೆ ತಪ್ಪಾಗಿದೆಯೆಂದು ನೇರವಾಗಿ ಹೇಳಿದರೆ ವಿದ್ಯಾರ್ಥಿಯು ಚಿಹ್ನೆಯನ್ನಷ್ಟೇ ಬದಲಿಸುವನು. ಬದಲಾಗಿ, ಜವ ಹೆಚ್ಚಿದಾಗ ಕಾಲ ಹೆಚ್ಚುವುದೋ ಕಡಿಮೆಯಾಗುವುದೋ, ನೀವು ಬರೆದ ಸಾಲಿನಲ್ಲಿ ಎಡಭಾಗವು ಧನವಾಗಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಈ ತಪ್ಪಿನ ಎದುರಿಗೇ ನಿರ್ದೇಶನದಲ್ಲಿ ಬರೆದಿಡುವುದು ಸೂಕ್ತ. ಪ್ರತಿ ತಪ್ಪಿಗೆ ಒಂದು ಪ್ರಶ್ನೆ ಸಾಕು. ಒಂದು ಲೆಕ್ಕಕ್ಕೆ ಇಂತಹ ಎರಡು ಮೂರು ತಪ್ಪುಗಳಿಗಿಂತ ಹೆಚ್ಚು ಬರೆಯುವ ಅವಶ್ಯಕತೆ ಸಾಮಾನ್ಯವಾಗಿ ಇರುವುದಿಲ್ಲ.

ಮಕ್ಕಳಿಗೆ ನೀಡುವ ಮುನ್ನ ಶಿಕ್ಷಕರು ತಾವೇ ವಿದ್ಯಾರ್ಥಿಯಂತೆ ವರ್ತಿಸಿ ಇದನ್ನು ಪರೀಕ್ಷಿಸತಕ್ಕದ್ದು. ಏನನ್ನೂ ಬರೆಯದೆ ಮುಂದಿನ ಸುಳಿವು ಕೇಳುವುದು, ಮೇಲೆ ತಿಳಿಸಿದ ತಪ್ಪು ಸಮೀಕರಣವನ್ನು ಸರಿಯೆಂದು ವಾದಿಸುವುದು, ಸಮಯವಿಲ್ಲ ಉತ್ತರ ಹೇಳಿಬಿಡಿ ಎನ್ನುವುದು, ಶಿಕ್ಷಕರೇ ಉತ್ತರ ನೋಡಲು ಅನುಮತಿ ಕೊಟ್ಟಿದ್ದಾರೆ ಎನ್ನುವುದು ಇತ್ಯಾದಿ. ಸುಳಿವಿನೊಳಗೆ 50 ಎಂಬ ಅಂಕಿ ಎಲ್ಲಿಯಾದರೂ ನುಸುಳಿದರೆ ಆ ಸುಳಿವನ್ನು ತಿದ್ದಬೇಕು. ಒಂದೇ ಸಂಭಾಷಣೆಯಲ್ಲಿ ಹಲವು ಲೆಕ್ಕಗಳನ್ನು ಮಾಡಿಸುತ್ತಾ ಹೋದಂತೆ ಆರಂಭದ ನಿಯಮಗಳು ಸಡಿಲಗೊಳ್ಳುವ ಸಂಭವವಿರುವುದರಿಂದ, ಪ್ರತಿ ಲೆಕ್ಕಕ್ಕೂ ಹೊಸ ಸಂಭಾಷಣೆಯನ್ನು ಆರಂಭಿಸುವುದು ಒಳಿತು.

ನಿರ್ದೇಶನವು ಬೀಗವಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಪರಿಹಾರವು ನಿರ್ದೇಶನದೊಳಗೇ ಇರುವುದರಿಂದ ಚತುರ ವಿದ್ಯಾರ್ಥಿಯು ಅದನ್ನು ಹೊರಗೆಳೆಯಬಲ್ಲನು. ಅದೂ ಬೇಡ, ಇನ್ನೊಂದು ಸಂಭಾಷಣೆಯನ್ನು ತೆರೆದರೆ ಉತ್ತರ ಸಿಕ್ಕೇ ಸಿಗುತ್ತದೆ. ವಿದ್ಯಾರ್ಥಿಯು ಲೆಕ್ಕವನ್ನು ನಿಜವಾಗಿ ಕಲಿತಿದ್ದಾನೆಯೇ ಎಂಬುದನ್ನು, ಮರುದಿನ ಅದೇ ಬಗೆಯ ಬೇರೊಂದು ಲೆಕ್ಕವನ್ನು ದೂರವಾಣಿಯನ್ನು ಬದಿಗಿರಿಸಿ ಕಾಗದದ ಮೇಲೆ ಮಾಡಿಸಿಯೇ ತಿಳಿಯಬೇಕು. ಸುಳಿವಿನಲ್ಲಿ ಬಳಸಿದ 240 ಕಿ.ಮೀ.ನ ಲೆಕ್ಕವನ್ನೇ ಇದಕ್ಕೆ ಕೊಡಬಾರದು. 400 ಕಿ.ಮೀ. ದೂರಕ್ಕೆ ಜವವು 20 ಕಿ.ಮೀ. ಹೆಚ್ಚಿದಾಗ 1 ಗಂಟೆ ಉಳಿಯುವುದೆಂದು ಕೊಡಬಹುದು; ಉತ್ತರ ಗಂಟೆಗೆ 80 ಕಿ.ಮೀ.

ನಿರ್ದೇಶನದಲ್ಲಾಗಲಿ ಸಂಭಾಷಣೆಯಲ್ಲಾಗಲಿ ವಿದ್ಯಾರ್ಥಿಯ ಹೆಸರು, ಶಾಲೆಯ ಹೆಸರು, ನೋಂದಣಿ ಸಂಖ್ಯೆ ಅಥವಾ ಅಂಕಪಟ್ಟಿಯ ವಿವರಗಳನ್ನು ನಮೂದಿಸತಕ್ಕದ್ದಲ್ಲ.