ಇಳಿಜಾರಿನ ತೋಟಕ್ಕೆ ಡ್ರಿಪ್: ಪೈಪಿಗಿಂತ ಮೊದಲು ಲೆಕ್ಕ

ಅಡಿಕೆ ತೋಟ ಇಳಿಜಾರಿನಲ್ಲಿದ್ದು ಡ್ರಿಪ್ ಸರಿಯಿಲ್ಲದಿದ್ದರೆ ಮಾರ್ಚ್ ತಿಂಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗೊತ್ತಾಗುತ್ತದೆ. ಮೇಲಿನ ಸಾಲುಗಳ ಸೋಗೆ ಬಾಡಿರುತ್ತದೆ, ಕೆಳಗಿನ ಸಾಲುಗಳ ಬುಡದಲ್ಲಿ ಕೆಸರು ನಿಂತಿರುತ್ತದೆ. ನೀರು ಸಾಲದೆಂದು ಇನ್ನೊಂದು ಗಂಟೆ ಮೋಟಾರು ಓಡಿಸಿದರೆ ಕೆಳಗಿನ ಕೆಸರು ಹೆಚ್ಚುತ್ತದೆಯೇ ಹೊರತು ಮೇಲಿನ ಮರಗಳ ಪಾಲು ಸರಿಹೋಗುವುದಿಲ್ಲ.

ಇದಕ್ಕೆ ಕಾರಣ ಸರಳ. ಪೈಪಿನೊಳಗಿನ ನೀರು 10 ಮೀಟರ್, ಅಂದರೆ 33 ಅಡಿ ಕೆಳಗಿಳಿದರೆ ಅದರ ಒತ್ತಡ ಒಂದು ಕೆ.ಜಿ.ಯಷ್ಟು ಏರುತ್ತದೆ. ಸಾಮಾನ್ಯ ಡ್ರಿಪ್ಪರ್ ಒತ್ತಡ ಏರಿದಂತೆ ಹೆಚ್ಚು ನೀರು ಬಿಡುತ್ತದೆ. ಒತ್ತಡ ಸರಿದೂಗಿಸುವ ಡ್ರಿಪ್ಪರ್, ಅಂಗಡಿಯವರ ಮಾತಿನಲ್ಲಿ ‘ಪಿ.ಸಿ. ಡ್ರಿಪ್ಪರ್’, ಹುಟ್ಟಿದ್ದೇ ಈ ತೊಂದರೆಗೆ ಪರಿಹಾರವಾಗಿ. ಆದರೆ ಅದನ್ನು ತಂದು ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಳಲ್ಕೆರೆ ಕಡೆಯ ಒಂದು ಎಕರೆ ಅಡಿಕೆ ತೋಟವನ್ನು ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕಿ ನೋಡೋಣ.

ಬೋರ್‌ವೆಲ್‌ನ ಬೇಸಿಗೆ ಲೆಕ್ಕ

ನಮ್ಮ ತೋಟದಲ್ಲಿ 9 ಅಡಿ ಅಂತರದಲ್ಲಿ 24 ಸಾಲು, ಸಾಲಿಗೆ 22 ಮರ, ಒಟ್ಟು 528 ಮರಗಳಿವೆ. ಮೇಲಿನ ಬದುವಿಗೂ ಕೆಳಗಿನ ಬದುವಿಗೂ 25 ಅಡಿ ಎತ್ತರದ ವ್ಯತ್ಯಾಸ. ಬೋರ್‌ವೆಲ್ ಕೆಳಗಿನ ಮೂಲೆಯಲ್ಲಿದೆ. ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ಡ್ರಿಪ್ ಮೂಲಕ ದಿನಕ್ಕೆ 16ರಿಂದ 20 ಲೀಟರ್ ನೀರು ಕೊಡಬೇಕೆಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ನಾವು 20 ಲೀಟರ್ ಎಂದೇ ಹಿಡಿಯೋಣ. ಮರಕ್ಕೆ ಗಂಟೆಗೆ 4 ಲೀಟರ್ ಬಿಡುವ ಎರಡು ಡ್ರಿಪ್ಪರ್ ಹಾಕಿದರೆ ಎರಡೂವರೆ ಗಂಟೆಯಲ್ಲಿ ಇಷ್ಟು ನೀರು ಸಿಗುತ್ತದೆ.

ಇನ್ನು ಬೋರ್‌ವೆಲ್ ಎಷ್ಟು ಕೊಡುತ್ತದೆಂದು ನೋಡಬೇಕು. ‘ಎರಡಿಂಚು ನೀರು’ ಎನ್ನುವ ಮಾತು ಇಲ್ಲಿ ಸಾಲದು. ಏಪ್ರಿಲ್‌ನಲ್ಲಿ, ಮೋಟಾರು ಹಾಕಿ ಒಂದು ಗಂಟೆ ಕಳೆದ ಮೇಲೆ, 200 ಲೀಟರ್ ಡ್ರಮ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆಂದು ನೋಡಿ. ನಾಲ್ಕು ನಿಮಿಷ ಹಿಡಿದರೆ ಗಂಟೆಗೆ 3000 ಲೀಟರ್. ಮಳೆಗಾಲ ಮುಗಿದ ಹೊಸದರಲ್ಲಿ ಅಳೆದರೆ ಇದರ ಒಂದೂವರೆ ಪಟ್ಟು ಕಂಡರೂ ಆಶ್ಚರ್ಯವಿಲ್ಲ, ಆ ಅಂಕಿಯನ್ನು ನಂಬಿದವರು ಬೇಸಿಗೆಯಲ್ಲಿ ಪೇಚಾಡುತ್ತಾರೆ.

ಎಲ್ಲ ಮರಗಳಿಗೂ ಒಟ್ಟಿಗೆ ನೀರು ಬಿಡಲು ಗಂಟೆಗೆ 4224 ಲೀಟರ್ ಬೇಕು, ಬೋರ್‌ವೆಲ್‌ಗೆ ಅಷ್ಟು ಶಕ್ತಿಯಿಲ್ಲ. ಆದ್ದರಿಂದ ತೋಟವನ್ನು ಮೇಲಿನ 12 ಸಾಲು, ಕೆಳಗಿನ 12 ಸಾಲು ಎಂದು ಎರಡು ಭಾಗ ಮಾಡಿ ಒಂದೊಂದಕ್ಕೂ ಬೇರೆ ವಾಲ್ವ್ ಇಡಬೇಕು. ಆಗ ಒಂದು ಸಲಕ್ಕೆ ಬೇಕಾಗುವುದು 2112 ಲೀಟರ್ ಮಾತ್ರ. ಉಳಿದ ಸುಮಾರು 900 ಲೀಟರ್ ವ್ಯರ್ಥವೆಂದು ತಿಳಿಯಬೇಡಿ. ಡ್ರಮ್ಮಿಗೆ ಬೀಳುವ ನೀರಿನ ಮೇಲೆ ಒತ್ತಡದ ಹೊರೆ ಇರುವುದಿಲ್ಲ, ಡ್ರಿಪ್‌ಗೆ ತಳ್ಳುವಾಗ ಮೋಟಾರು ಕೊಡುವ ನೀರು ಕಡಿಮೆಯಾಗುತ್ತದೆ. ಎರಡು ಭಾಗಕ್ಕೂ ಸೇರಿ ಐದು ಗಂಟೆ ಸಾಕಾಗುವುದರಿಂದ ತ್ರೀಫೇಸ್ ಕರೆಂಟು ಏಳು ಗಂಟೆ ಬಂದರೂ ಕೆಲಸ ಮುಗಿಯುತ್ತದೆ.

ಲ್ಯಾಟರಲ್ ಅಡ್ಡ, ಸಬ್‌ಮೈನ್ ಉದ್ದ

16 ಮಿ.ಮೀ. ಲ್ಯಾಟರಲ್‌ಗಳನ್ನು ಇಳಿಜಾರಿಗೆ ಅಡ್ಡವಾಗಿ, ಸಾಲಿನ ಗುಂಟ ಎಳೆಯಬೇಕು. ಆಗ ಒಂದು ಸಾಲಿನ ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. 200 ಅಡಿ ಉದ್ದದ ಒಂದು ಲ್ಯಾಟರಲ್‌ನಲ್ಲಿ ಗಂಟೆಗೆ ಹರಿಯುವುದು 176 ಲೀಟರ್, ಇಷ್ಟಕ್ಕೆ ತಿಕ್ಕಾಟದಿಂದ ಕಳೆದುಹೋಗುವ ಒತ್ತಡ ಗಣನೆಗೆ ಬರುವಷ್ಟಿಲ್ಲ. ಬದುವಿನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಸಬ್‌ಮೈನ್ ಇಳಿಯಬೇಕು. ಮೇನ್ ಲೈನಿಗೂ ಸಬ್‌ಮೈನಿಗೂ 50 ಮಿ.ಮೀ. ಪಿ.ವಿ.ಸಿ. ಧಾರಾಳವಾಯಿತು. ಸಬ್‌ಮೈನಿನ ಕೆಳತುದಿಯಲ್ಲಿ ಕೊಳೆ ಹೊರಬಿಡಲು ಒಂದು ಫ್ಲಶ್ ವಾಲ್ವ್, ಮೇಲ್ತುದಿಯಲ್ಲಿ ಗಾಳಿ ವಾಲ್ವ್ ಇರಲೇಬೇಕು. ಗಾಳಿ ವಾಲ್ವ್ ಇಲ್ಲದಿದ್ದರೆ ಕರೆಂಟು ಹೋದ ಕ್ಷಣ ಪೈಪಿನ ನೀರು ಕೆಳಕ್ಕೆ ಜಾರಿ, ಮೇಲಿನ ಡ್ರಿಪ್ಪರ್‌ಗಳು ಬಾಯಲ್ಲಿದ್ದ ಕೆಸರನ್ನು ಒಳಕ್ಕೆ ಎಳೆದುಕೊಳ್ಳುತ್ತವೆ.

ಮೇಲಿನ ಸಾಲಿನಲ್ಲಿ ಒತ್ತಡ ಒಂದು ಕೆ.ಜಿ. ಇದೆ ಎಂದುಕೊಳ್ಳಿ. 25 ಅಡಿ ಕೆಳಗೆ ಅದು ಒಂದೂಮುಕ್ಕಾಲು ಕೆ.ಜಿ. ಆಗುತ್ತದೆ. ಸಾಮಾನ್ಯ ಡ್ರಿಪ್ಪರ್ ಆದರೆ ಮೇಲಿನ ಮರಕ್ಕೆ 20 ಲೀಟರ್ ಬೀಳುವಷ್ಟರಲ್ಲಿ ಕೆಳಗಿನದಕ್ಕೆ 26 ಲೀಟರ್ ದಾಟಿರುತ್ತದೆ. ಪಿ.ಸಿ. ಡ್ರಿಪ್ಪರ್‌ನ ಹೊಟ್ಟೆಯಲ್ಲಿ ರಬ್ಬರಿನಂಥ ಮೆತ್ತನೆಯ ಒಂದು ಬಿಲ್ಲೆಯಿದೆ. ಒತ್ತಡ ಏರಿದಾಗ ಈ ಬಿಲ್ಲೆ ಬಾಗಿ ನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ಇಳಿದಾಗ ಹಿಂದೆ ಸರಿಯುತ್ತದೆ. ಹಾಗಾಗಿ ಎರಡೂ ಕಡೆ ಅದೇ 4 ಲೀಟರ್.

ಆದರೆ ಬಿಲ್ಲೆ ಒತ್ತಡವನ್ನು ತಗ್ಗಿಸಬಲ್ಲದು, ಇಲ್ಲದ ಒತ್ತಡವನ್ನು ಹುಟ್ಟಿಸಲಾರದು. ತಯಾರಕರು ಹೇಳಿದ ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿದರೆ ಪಿ.ಸಿ. ಡ್ರಿಪ್ಪರ್‌ಗೂ ಸಾಮಾನ್ಯ ಡ್ರಿಪ್ಪರ್‌ಗೂ ವ್ಯತ್ಯಾಸವಿಲ್ಲ. ಅದಕ್ಕೇ ಲೆಕ್ಕ ಶುರುವಾಗಬೇಕಾದದ್ದು ತುತ್ತತುದಿಯ ಸಾಲಿನಿಂದ. ಅಲ್ಲಿಗೆ ಒಂದು ಕೆ.ಜಿ., ಏರಿಗೆ ಮುಕ್ಕಾಲು, ಫಿಲ್ಟರ್‌ಗಳಿಗೆ ಮುಕ್ಕಾಲರಿಂದ ಎಂಟ್ಹತ್ತನೇ ಪಾಲು, ಪೈಪು ಮತ್ತು ಬೆಂಡುಗಳಿಗೆ ಕಾಲು. ಒಟ್ಟು ಬೋರ್‌ವೆಲ್ ಬಾಯಿಯಲ್ಲಿ ಸುಮಾರು 2.8 ಕೆ.ಜಿ. ಬೇಕು. ಬೋರ್‌ನಲ್ಲಿ ನೀರು 300 ಅಡಿಯಲ್ಲಿದ್ದರೆ ಮೋಟಾರಿನ ಪಾಲಿಗೆ ಅದು 390 ಅಡಿ. ಮೋಟಾರು ಆರಿಸುವಾಗ ಈ 90 ಅಡಿಯನ್ನು ಮರೆಯುವಂತಿಲ್ಲ. ಹಾಗೆಯೇ, ಸಮತಟ್ಟಾದ ಸಣ್ಣ ಜಮೀನಿಗೆ ದುಬಾರಿಯಾದ ಪಿ.ಸಿ. ಡ್ರಿಪ್ಪರ್ ಬೇಕಾಗಿಯೇ ಇಲ್ಲ.

ಫಿಲ್ಟರ್‌ನ ಎರಡು ಮುಳ್ಳುಗಳು

ಪಿ.ಸಿ. ಡ್ರಿಪ್ಪರ್‌ನ ಬಿಲ್ಲೆಯಡಿ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಅದರ ಸಮತೋಲ ಕೆಡುತ್ತದೆ. ನೀರಿನ ದಾರಿಯ ಅಗಲ ಎಷ್ಟಿದೆಯೋ ಅದರ ಏಳನೇ ಅಥವಾ ಹತ್ತನೇ ಒಂದು ಪಾಲಿಗಿಂತ ದೊಡ್ಡ ಕಣ ಒಳಗೆ ಹೋಗಬಾರದೆಂಬುದು ವಾಡಿಕೆಯ ನಿಯಮ. ದಾರಿ ಒಂದು ಮಿ.ಮೀ. ಇದ್ದರೆ 120 ಮೆಶ್‌ನ ಡಿಸ್ಕ್ ಫಿಲ್ಟರ್ ಸರಿಹೊಂದುತ್ತದೆ, ಅದರ ರಂಧ್ರ ಸುಮಾರು 0.13 ಮಿ.ಮೀ. ಬೋರ್‌ನಲ್ಲಿ ಮರಳು ಬರುತ್ತಿದ್ದರೆ ಅದಕ್ಕೂ ಮುಂಚೆ ಹೈಡ್ರೋಸೈಕ್ಲೋನ್ ಬೇಕು. ನೀರನ್ನು ಸುಳಿಯಂತೆ ತಿರುಗಿಸಿ ಮರಳನ್ನು ತಳಕ್ಕೆ ಇಳಿಸುವ ಸಾಧನ ಇದು. ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಕೊಳ್ಳಬೇಡಿ, ನೀರು ಸಾಲದಿದ್ದರೆ ಸುಳಿಯೇ ಏಳುವುದಿಲ್ಲ. ಕೃಷಿ ಹೊಂಡದ ನೀರಾದರೆ ಪಾಚಿ ಇರುತ್ತದೆ, ಆಗ ಡಿಸ್ಕ್‌ನ ಮುಂಚೆ ಮರಳಿನ ಫಿಲ್ಟರ್ ಇರಬೇಕು.

ಫಿಲ್ಟರ್‌ನ ಹಿಂದೊಂದು ಮುಂದೊಂದು ಪ್ರೆಶರ್ ಗೇಜ್ ಹಾಕಿಸಿ. ಫಿಲ್ಟರ್ ಶುಚಿಯಾಗಿದ್ದಾಗ ಎರಡು ಮುಳ್ಳುಗಳ ನಡುವಿನ ಅಂತರ ತೀರ ಕಡಿಮೆ. ಅದು ಅರ್ಧ ಕೆ.ಜಿ. ಮುಟ್ಟಿತೆಂದರೆ ಅಂದೇ ಡಿಸ್ಕ್ ಬಿಚ್ಚಿ ತೊಳೆಯಬೇಕು. ತಡಮಾಡಿದರೆ ಫಿಲ್ಟರ್ ನುಂಗುವ ಒತ್ತಡ ಮೊದಲು ಕಡಿಮೆ ಬೀಳುವುದು ಮೇಲಿನ ಸಾಲಿಗೇ. ಹಾಗೆಯೇ ಹೊಸ ಪೈಪು ಜೋಡಿಸಿದ ದಿನ ಡ್ರಿಪ್ಪರ್ ಚುಚ್ಚುವ ಮೊದಲು ಎಲ್ಲ ತುದಿ ತೆರೆದು ನೀರು ಬಿಡಿ. ಕೊರೆದ ಪಿ.ವಿ.ಸಿ. ಚೂರುಗಳು ಫಿಲ್ಟರ್ ದಾಟಿದ ಮೇಲೆಯೇ ಹುಟ್ಟಿದವು, ಅವನ್ನು ತಡೆಯುವವರು ಬೇರೆ ಯಾರೂ ಇಲ್ಲ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಲೀಟರ್ ಬಾಟಲಿ ಸಾಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ 15 ನಿಮಿಷದಲ್ಲಿ ಅದನ್ನು ತುಂಬಬೇಕು. ಮೇಲಿನ, ನಡುವಿನ, ಕೆಳಗಿನ ಸಾಲುಗಳಲ್ಲಿ ಬುಡಕ್ಕೊಂದು ಚಿಕ್ಕ ಗುಂಡಿ ತೋಡಿ ಬಾಟಲಿ ಇಟ್ಟು ನೋಡಿ. ಮೇಲಿನ ಸಾಲಿನವೆಲ್ಲ ಅರೆಬರೆ ತುಂಬಿದ್ದರೆ ಒತ್ತಡ ಸಾಲದು. ಅಲ್ಲೊಂದು ಇಲ್ಲೊಂದು ಕಡಿಮೆಯಿದ್ದರೆ ಆ ಡ್ರಿಪ್ಪರ್‌ಗಳು ಕಟ್ಟಿಕೊಂಡಿವೆ. ಯಾವುದಾದರೂ ತುಂಬಿ ಚೆಲ್ಲುತ್ತಿದ್ದರೆ ಅದರ ಬಿಲ್ಲೆ ಕೆಟ್ಟಿದೆ, ಬದಲಿಸಬೇಕು. ಡ್ರಿಪ್ ಹಾಕಿದವರಿಗೆ ಕೊನೆಯ ಕಂತು ಕೊಡುವ ಮುನ್ನ ಈ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ.