ಎದೆಗೆ 38, ಭುಜಕ್ಕೆ 42

ಪ್ಲೇಸ್‌ಮೆಂಟ್ ಸಂದರ್ಶನಕ್ಕೆಂದು ರೆಡಿಮೇಡ್ ಶರ್ಟ್ ಕೊಳ್ಳಲು ಹೋದೆ. ಎದೆಗೆ 38 ಸರಿ, ಆದರೆ ಅಪ್ಪನಿಂದ ಬಂದ ಅಗಲ ಭುಜಕ್ಕೆ ಬಿಗಿ. 42 ತೊಟ್ಟರೆ ಭುಜಕ್ಕೆ ಕೂತಿತು, ಹೊಟ್ಟೆಯ ಬಳಿ ಗಾಳಿಪಟ! ಅದನ್ನೇ ಕೊಂಡು, ನಮ್ಮ ಬೀದಿಯ ಟೈಲರ್ ಅಣ್ಣನ ಬಳಿ ಓಡಿದೆ. ಹಿಂದೆ ಗಾರ್ಮೆಂಟ್ಸ್‌ನಲ್ಲಿದ್ದವರು, ಗುಟ್ಟು ಬಿಡಿಸಿದರು.

ಕಾರ್ಖಾನೆಯಲ್ಲಿ ಮೊದಲು ಒಂದೇ ಸೈಜಿಗೆ, 40ಕ್ಕೆ ಅಂದುಕೊಳ್ಳಿ, ಪ್ಯಾಟರ್ನ್ ಬರೆದು ಹೊಲಿದು ನೋಡುತ್ತಾರೆ. ಉಳಿದ ಸೈಜುಗಳನ್ನು ಹೊಸದಾಗಿ ಬರೆಯುವುದಿಲ್ಲ. ಅದೇ ಪ್ಯಾಟರ್ನಿನ ಮೂಲೆಗಳನ್ನು ನಿಗದಿತ ಅಳತೆಯಷ್ಟು ಸರಿಸುತ್ತಾರೆ. ಇದೇ ಗ್ರೇಡಿಂಗ್. ಒಂದು ಸೈಜ್ ಏರಿದರೆ ಎದೆಗೆ 2 ಇಂಚು, ಭುಜಕ್ಕೆ ಸುಮಾರು ಅರ್ಧ ಇಂಚು. ಎದೆ ಅಗಲವಾದವನ ಭುಜವೂ ಅದೇ ಲೆಕ್ಕದಲ್ಲಿ ಅಗಲ ಎಂಬ ಊಹೆ. ಎರಡನ್ನೂ ಬೇರೆ ಬೇರೆ ಬೆಳೆಸಿದರೆ ಐದು ಸೈಜಿನ ಜಾಗದಲ್ಲಿ 25 ಬಗೆಯ ಶರ್ಟ್ ಹೊಲಿಯಬೇಕಾದೀತು!

ಭುಜಕ್ಕೆ 1 ಇಂಚು ಬೇಕಿದ್ದ ನನಗೆ ಎದೆಗೆ 4 ಇಂಚು ಪುಕ್ಕಟೆ ಬಂದಿತ್ತು.

"ಭುಜಕ್ಕೆ ಕೂರೋದನ್ನೇ ತಂದಿದ್ದು ಒಳ್ಳೇದಾಯ್ತು. ಭುಜ ಬಿಡಿಸೋಕೆ ಒಳಗೆ ಬಟ್ಟೆ ಇರಲ್ಲ, ಪಕ್ಕ ಹಿಡಿಯಬಹುದು" ಎಂದ ಅಣ್ಣ, ಎರಡೂ ಪಕ್ಕದ ಹೊಲಿಗೆಯಲ್ಲಿ ಎರಡೆರಡು ಇಂಚು ಹಿಡಿದರು. ಕಂಕುಳ ಮಾತ್ರ ಇನ್ನೂ ಕೆಳಗೇ ಇದೆ. ಕೈ ಎತ್ತಿದರೆ ಶರ್ಟೂ ಮೇಲೇರುತ್ತದೆ. ಸಂದರ್ಶನದಲ್ಲಿ ಕೈ ಎತ್ತುವ ಪ್ರಸಂಗ ಬರಲಾರದು ಬಿಡಿ.